ಉಸಿರಿನ ಗೆರೆಗೆ ಸೊನ್ನೆ ಎಲ್ಲಿದೆ?

ಪ್ರಥಮ ಪಿಯು ಜೀವಶಾಸ್ತ್ರದಲ್ಲಿ ಉಸಿರಾಟದ ಪಾಠ ಓದಿದವರಿಗೆ ನಾಲ್ಕು ಸಂಖ್ಯೆಗಳು ನೆನಪಿರುತ್ತವೆ. ಸುಮ್ಮನೆ ಕುಳಿತಾಗ ಒಂದು ಉಸಿರಿನಲ್ಲಿ ಒಳಗೆ ಹೋಗಿ ಹೊರಗೆ ಬರುವ ಗಾಳಿ ಸುಮಾರು 500 ಮಿಲಿಲೀಟರ್. ಅದರ ಮೇಲೆ ಬಲವಾಗಿ ಎಳೆದುಕೊಳ್ಳಬಹುದಾದದ್ದು 2500ರಿಂದ 3000. ಸಹಜವಾಗಿ ಉಸಿರು ಬಿಟ್ಟ ಮೇಲೂ ಒತ್ತಿ ಹೊರಹಾಕಬಹುದಾದದ್ದು 1000ದಿಂದ 1100. ಏನು ಮಾಡಿದರೂ ಹೊರಗೆ ಬಾರದೆ ಒಳಗೇ ಉಳಿಯುವುದು 1100ರಿಂದ 1200. ತರಗತಿಯಲ್ಲಿ ಇವಕ್ಕೆ ಕ್ರಮವಾಗಿ ಟಿವಿ, ಐಆರ್‌ವಿ, ಇಆರ್‌ವಿ, ಆರ್‌ವಿ ಎನ್ನುತ್ತಾರೆ. ಇವು ನಾಲ್ಕು ಗಾತ್ರಗಳು. ಇವುಗಳಲ್ಲಿ ಎರಡನ್ನೋ ಮೂರನ್ನೋ ನಾಲ್ಕನ್ನೂ ಕೂಡಿಸಿದರೆ ಸಿಗುವುದಕ್ಕೆ ಸಾಮರ್ಥ್ಯ ಅಥವಾ ಕೆಪಾಸಿಟಿ ಎಂದು ಹೆಸರು. ಇಷ್ಟನ್ನು ಬಾಯಿಪಾಠ ಮಾಡಿದ ಹುಡುಗನೂ ಗ್ರಾಫ್ ಕೊಟ್ಟು ‘ನೋಡಿ ಹೇಳು’ ಎಂದಾಗ ತಡವರಿಸುತ್ತಾನೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಪಠ್ಯದಲ್ಲಿ ಅಚ್ಚಾಗಿರುವ ಗ್ರಾಫ್ ಮತ್ತು ಉಪಕರಣ ನಿಜವಾಗಿ ಬರೆಯುವ ಗ್ರಾಫ್ ಒಂದೇ ಅಲ್ಲ. ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ, ಅದನ್ನು ಹೇಳಿಕೊಡುವವರು ಕಡಿಮೆ.

ಮೊದಲು ಉಪಕರಣ ನೋಡೋಣ. ಹಳೆಯ ಮಾದರಿಯ ಸ್ಪೈರೋಮೀಟರ್‌ನಲ್ಲಿ ನೀರು ತುಂಬಿದ ಒಂದು ತೊಟ್ಟಿ, ಆ ನೀರಿನಲ್ಲಿ ಬೋರಲಾಗಿ ತೇಲುವ ಹಗುರವಾದ ಗಂಟೆಯಾಕಾರದ ಪಾತ್ರೆ ಇರುತ್ತವೆ. ಪಾತ್ರೆಯೊಳಗಿನ ಗಾಳಿಗೂ ಉಸಿರಾಡುವವನ ಬಾಯಿಗೂ ಕೊಳವೆಯ ಸಂಪರ್ಕ. ಮೂಗಿಗೆ ಕ್ಲಿಪ್ ಹಾಕಿರುತ್ತಾರೆ. ಅವನು ಉಸಿರು ಎಳೆದಾಗ ಪಾತ್ರೆಯೊಳಗಿನ ಗಾಳಿ ಕಡಿಮೆಯಾಗಿ ಪಾತ್ರೆ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇಳುತ್ತದೆ. ಪಾತ್ರೆಗೆ ಕಟ್ಟಿದ ದಾರ ರಾಟೆಯ ಮೇಲೆ ಹಾದು ಇನ್ನೊಂದು ತುದಿಯ ತೂಕಕ್ಕೆ ಸೇರುತ್ತದೆ, ತೂಕಕ್ಕೆ ಒಂದು ಲೇಖನಿ. ಪಾತ್ರೆ ಇಳಿದರೆ ಲೇಖನಿ ಏರುತ್ತದೆ. ಪಕ್ಕದಲ್ಲಿ ನಿಧಾನವಾಗಿ ಸುತ್ತುವ ಉರುಳೆಗೆ ಕಾಗದ ಸುತ್ತಿರುವುದರಿಂದ ಈ ಏರಿಳಿತ ಗೆರೆಯಾಗಿ ಮೂಡುತ್ತದೆ. ಇಂದಿನ ಪ್ರಯೋಗಾಲಯಗಳಲ್ಲಿ ಲೇಖನಿಯ ಬದಲು ಸೆನ್ಸರ್, ಕಾಗದದ ಬದಲು ಪರದೆ ಬಂದಿರಬಹುದು. ಗೆರೆಯ ಅರ್ಥ ಬದಲಾಗಿಲ್ಲ.

ಇಂಥ ಉಪಕರಣವನ್ನು ಬಳಸಿ ಜನರನ್ನು ಸಾಲಾಗಿ ಅಳೆದವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. 1846ರಲ್ಲಿ ಆತ ಲಂಡನ್ನಿನಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಅಳತೆಗಳಿದ್ದವು. ವೈಟಲ್ ಕೆಪಾಸಿಟಿ ಎಂಬ ಹೆಸರಿಟ್ಟವನೂ ಅವನೇ. ಐದು ಅಡಿಯಿಂದ ಆರು ಅಡಿವರೆಗೆ ಎತ್ತರ ಒಂದೊಂದು ಅಂಗುಲ ಹೆಚ್ಚಿದಂತೆ ಒಬ್ಬ ಮನುಷ್ಯ ಒಂದೇ ಉಸಿರಿನಲ್ಲಿ ಹೊರಹಾಕಬಲ್ಲ ಗಾಳಿ ಎಂಟು ಘನ ಅಂಗುಲದಷ್ಟು, ಅಂದರೆ ಸುಮಾರು 130 ಮಿಲಿಲೀಟರ್ ಹೆಚ್ಚುತ್ತದೆ ಎಂದು ಆತ ಕಂಡುಕೊಂಡ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಪಠ್ಯದ ಸಂಖ್ಯೆಗಳು ಒಬ್ಬ ಆರೋಗ್ಯವಂತ ವಯಸ್ಕ ಗಂಡಸಿನವು. ಹೆಂಗಸರಲ್ಲಿ ಇವು ಸಾಮಾನ್ಯವಾಗಿ ಐದರಲ್ಲೊಂದು ಪಾಲಿನಿಂದ ಕಾಲು ಪಾಲಿನಷ್ಟು ಕಡಿಮೆ. ಗಿಡ್ಡಗಿರುವವರಲ್ಲಿ ಇನ್ನೂ ಕಡಿಮೆ. ಆದ್ದರಿಂದ ಲ್ಯಾಬಿನಲ್ಲಿ ತನ್ನ ಅಳತೆ ಪುಸ್ತಕಕ್ಕಿಂತ ಒಂದು ಲೀಟರ್ ಕಡಿಮೆ ಬಂತೆಂದು ಯಾವ ಹುಡುಗಿಯೂ ಗಾಬರಿಯಾಗಬೇಕಿಲ್ಲ.

ಈಗ ಒಂದು ಗ್ರಾಫನ್ನು ಕೈಗೆತ್ತಿಕೊಳ್ಳೋಣ. ಅಡ್ಡಗೆರೆಯಲ್ಲಿ ಸಮಯ, ನಿಲುವುಗೆರೆಯಲ್ಲಿ ಲೀಟರ್. ಎಡಗಡೆ ಒಂದು ನಿಮಿಷದವರೆಗೆ ಹನ್ನೆರಡು ಸಣ್ಣ ಅಲೆಗಳು. ಹನ್ನೆರಡನೆಯ ಅಲೆ ಇಳಿದು ಮುಗಿಯುವ ಜಾಗದಲ್ಲಿ ಲೇಖನಿ 3.1 ತೋರಿಸುತ್ತದೆ. ಅದೇ ಅಲೆಯ ನೆತ್ತಿ 3.6ರಲ್ಲಿತ್ತು. ಅಲ್ಲಿಂದ ಮುಂದೆ ‘ಎಷ್ಟಾಗುತ್ತೋ ಅಷ್ಟು ಎಳೆದುಕೋ’ ಎಂದಿದ್ದಾರೆ. ಗೆರೆ ಸರ್ರನೆ 6.6ಕ್ಕೆ ಏರಿದೆ. ‘ಈಗ ಪೂರ್ತಿ ಬಿಡು’ ಎಂದಿದ್ದಾರೆ. ಗೆರೆ ಇಳಿಯುತ್ತ ಇಳಿಯುತ್ತ 2.0ರಲ್ಲಿ ನಿಂತು, ಸ್ವಲ್ಪ ಹೊತ್ತು ಚಪ್ಪಟೆಯಾಗಿ ಸಾಗಿ, ಮತ್ತೆ ಮೊದಲಿನ ಅಲೆಗಳಿಗೆ ಮರಳಿದೆ.

ಲೆಕ್ಕಕ್ಕೆ ಮುಂಚೆ ದಿಕ್ಕು ತಿಳಿಯಬೇಕು. ಕೆಲವು ಉಪಕರಣಗಳಲ್ಲಿ ಉಸಿರು ಎಳೆದಾಗ ಗೆರೆ ಏರುತ್ತದೆ, ಕೆಲವದರಲ್ಲಿ ಇಳಿಯುತ್ತದೆ. ಪ್ರಶ್ನೆಯಲ್ಲಿ ಹೇಳಿರದಿದ್ದರೆ ಗೆರೆಯನ್ನೇ ಕೇಳಬಹುದು. ಸಣ್ಣ ಅಲೆಗಳಿಂದ ಯಾವ ಕಡೆಗೆ ದೊಡ್ಡ ಜಿಗಿತವಿದೆಯೋ ಅದೇ ಎಳೆಯುವ ದಿಕ್ಕು. ಏಕೆಂದರೆ ಆರೋಗ್ಯವಂತರು ಕುಳಿತು ಉಸಿರಾಡುವಾಗ ಎಳೆಯಲು ಉಳಿದಿರುವ ಜಾಗ ಬಿಡಲು ಉಳಿದಿರುವ ಗಾಳಿಗಿಂತ ಎರಡು ಮೂರು ಪಟ್ಟು ದೊಡ್ಡದು. ನಮ್ಮ ಗ್ರಾಫಿನಲ್ಲಿ ಮೇಲಕ್ಕೆ ಮೂರು ಲೀಟರ್, ಕೆಳಕ್ಕೆ ಒಂದು ಚಿಲ್ಲರೆ. ಹಾಗಾಗಿ ಮೇಲಕ್ಕೆ ಹೋದದ್ದು ಉಚ್ಛ್ವಾಸ.

ಇನ್ನು ಕಳೆಯುವ ಲೆಕ್ಕ. 3.6ರಲ್ಲಿ 3.1 ಕಳೆದರೆ 0.5 ಲೀಟರ್, ಅದು ಟಿವಿ. 6.6ರಲ್ಲಿ 3.6 ಕಳೆದರೆ 3.0, ಐಆರ್‌ವಿ. 3.1ರಲ್ಲಿ 2.0 ಕಳೆದರೆ 1.1, ಇಆರ್‌ವಿ. ತುತ್ತತುದಿಯಿಂದ ತಳದವರೆಗೆ, ಅಂದರೆ 6.6ರಿಂದ 2.0ಕ್ಕೆ, 4.6 ಲೀಟರ್. ಅದೇ ವೈಟಲ್ ಕೆಪಾಸಿಟಿ. ಮೂರು ಗಾತ್ರಗಳನ್ನು ಕೂಡಿಸಿದರೂ 4.6 ಬರುತ್ತದೆ. ಬರದಿದ್ದರೆ ಎಲ್ಲೋ ಓದುವುದರಲ್ಲಿ ತಪ್ಪಿದೆ ಎಂದರ್ಥ. ಹಾಗೆಯೇ ಸಹಜ ಉಸಿರಿನ ತಳದಿಂದ ಮೇಲಕ್ಕೆ 3.5 ಲೀಟರ್. ಅದು ಇನ್‌ಸ್ಪಿರೇಟರಿ ಕೆಪಾಸಿಟಿ.

ಗೆರೆ 2.0ರಲ್ಲಿ ಸ್ವಲ್ಪ ಹೊತ್ತು ಚಪ್ಪಟೆಯಾಗಿ ಸಾಗಿತ್ತು ಎಂದೆನಲ್ಲ, ಆ ಚಪ್ಪಟೆ ತುಣುಕು ಬಹಳ ಬೆಲೆಯುಳ್ಳದ್ದು. ಇನ್ನೂ ಒತ್ತುತ್ತಿದ್ದರೂ ಗಾಳಿ ಬರುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅದರ ಬದಲು ಗೆರೆ ಚೂಪಾಗಿ ಇಳಿದು ತಕ್ಷಣ ತಿರುಗಿ ಮೇಲೆದ್ದಿದ್ದರೆ, ಉಸಿರಾಡಿದವನು ಪೂರ್ತಿ ಬಿಡುವ ಮೊದಲೇ ಮತ್ತೆ ಎಳೆದುಕೊಂಡಿದ್ದಾನೆ. ಆ ಅಳತೆಯನ್ನು ನಂಬಬಾರದು. ಆಸ್ಪತ್ರೆಗಳಲ್ಲಿ ಇದನ್ನು ಕನಿಷ್ಠ ಮೂರು ಸಲ ಮಾಡಿಸಿ, ಅತಿ ಹೆಚ್ಚಿನ ಎರಡು ಅಳತೆಗಳ ನಡುವೆ 150 ಮಿಲಿಲೀಟರ್‌ಗಿಂತ ಹೆಚ್ಚು ಅಂತರವಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ವಾಡಿಕೆ.

ಇನ್ನು ಅಲೆಗಳ ಸಾಲು ಓರೆಯಾಗಿರುವ ವಿಚಾರ. ನಮ್ಮ ಗ್ರಾಫಿನ ಮೊದಲನೆಯ ಅಲೆ 2.85ರಿಂದ 3.35ಕ್ಕೆ ಏರಿತ್ತು. ಒಂದು ನಿಮಿಷದಲ್ಲಿ ಇಡೀ ಸಾಲು ನಿಧಾನವಾಗಿ 0.25 ಲೀಟರ್ ಮೇಲಕ್ಕೆ ತೇಲಿದೆ. ಉಪಕರಣ ಕೆಟ್ಟಿಲ್ಲ. ಪಾತ್ರೆಯಲ್ಲಿ ಆಮ್ಲಜನಕ ತುಂಬಿರುತ್ತಾರೆ, ಬಿಟ್ಟ ಉಸಿರು ಬರುವ ದಾರಿಯಲ್ಲಿ ಸೋಡಾ ಲೈಮ್ ಇಟ್ಟಿರುತ್ತಾರೆ. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅದು ಹೀರುತ್ತದೆ. ಹೀಗಾಗಿ ದೇಹ ಬಳಸಿಕೊಂಡ ಆಮ್ಲಜನಕದ ಜಾಗಕ್ಕೆ ಪಾತ್ರೆಯಲ್ಲಿ ಬೇರೇನೂ ಬರುವುದಿಲ್ಲ, ಪಾತ್ರೆ ಉಸಿರಿಗೊಮ್ಮೆ ಚೂರು ಚೂರೇ ಇಳಿಯುತ್ತದೆ, ಲೇಖನಿ ಅಷ್ಟೇ ಏರುತ್ತದೆ. ಅಂದರೆ ಈ ಓರೆಯೇ ದೇಹ ನಿಮಿಷಕ್ಕೆ ಬಳಸಿದ ಆಮ್ಲಜನಕದ ಅಳತೆ, 250 ಮಿಲಿಲೀಟರ್. ವಿಶ್ರಾಂತಿಯಲ್ಲಿರುವ ವಯಸ್ಕನಿಗೆ ಅದು ಸರಿಯಾದ ಅಂಕಿ.

ಅಂಕಗಳು ಹೋಗುವುದು ಇಲ್ಲಿಯೇ. ವಿದ್ಯಾರ್ಥಿ ಇಡೀ ಸಾಲಿನಲ್ಲಿ ಅತಿ ಎತ್ತರದ ನೆತ್ತಿ 3.6, ಅತಿ ತಗ್ಗಿನ ತಳ 2.85 ಎಂದು ಆರಿಸಿಕೊಂಡು ಕಳೆದರೆ ಟಿವಿ 0.75 ಲೀಟರ್ ಆಗಿಬಿಡುತ್ತದೆ. ಉಸಿರಿನ ಗಾತ್ರಕ್ಕೆ ಒಂದು ನಿಮಿಷದ ಆಮ್ಲಜನಕವನ್ನೂ ಸೇರಿಸಿದಂತಾಯಿತು. ಒಂದೊಂದು ಅಲೆಯನ್ನೂ ಅದರದೇ ತಳದಿಂದ ಅಳೆದು ಸರಾಸರಿ ತೆಗೆಯಬೇಕು. ದೊಡ್ಡ ಜಿಗಿತವನ್ನು ಅಳೆಯುವಾಗಲೂ ಅದಕ್ಕೆ ತಾಗಿಕೊಂಡಿರುವ ತಳವನ್ನೇ ಹಿಡಿಯಬೇಕು, ಒಂದು ನಿಮಿಷದ ಹಿಂದಿನದನ್ನಲ್ಲ.

ಓರೆ ವಿಪರೀತವಾದರೆ ಅನುಮಾನ ಪಡಬೇಕು. ಸುಮ್ಮನೆ ಕುಳಿತವನ ಗೆರೆ ನಿಮಿಷಕ್ಕೆ ಒಂದು ಲೀಟರ್ ಏರುತ್ತಿದ್ದರೆ ಅದು ಆಮ್ಲಜನಕದ ಬಳಕೆಯಲ್ಲ, ಕೊಳವೆಯ ಜೋಡಣೆಯಲ್ಲೋ ತುಟಿಯ ಅಂಚಿನಲ್ಲೋ ಗಾಳಿ ಸೋರುತ್ತಿದೆ. ಓರೆಯ ಜೊತೆಗೆ ಅಲೆಗಳು ಬರಬರುತ್ತ ಎತ್ತರವಾಗಿ ಒತ್ತೊತ್ತಾಗಿ ಬರತೊಡಗಿದರೆ ಸೋಡಾ ಲೈಮ್ ಮುಗಿದಿರುವ ಸಾಧ್ಯತೆ ಹೆಚ್ಚು. ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋದಂತೆ ಮಿದುಳು ಉಸಿರನ್ನು ಜೋರು ಮಾಡಿಸುತ್ತದೆ. ಅಂಥ ಹೊತ್ತಿನಲ್ಲಿ ಪ್ರಯೋಗ ನಿಲ್ಲಿಸಬೇಕು, ಗ್ರಾಫ್ ಪೂರ್ತಿಯಾಗಲಿ ಎಂದು ಕಾಯಬಾರದು.

ಉಷ್ಣಾಂಶದ ತಿದ್ದುಪಡಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ದೇಹದ ಬಿಸಿ ಗಾಳಿ ಪಾತ್ರೆಗೆ ಬಂದು ತಣ್ಣಗಾಗಿ ಕುಗ್ಗುವುದರಿಂದ, ಕೋಣೆ 25 ಡಿಗ್ರಿ ಇದ್ದರೆ ಶ್ವಾಸಕೋಶದೊಳಗಿನ ನಿಜವಾದ ಗಾತ್ರ ಕಾಗದ ತೋರಿಸಿದ್ದಕ್ಕಿಂತ ಶೇಕಡಾ ಏಳೆಂಟರಷ್ಟು ಹೆಚ್ಚಿರುತ್ತದೆ. ನಮ್ಮ ಗ್ರಾಫಿಗೆ ಆ ತಿದ್ದುಪಡಿ ಆಗಿದೆ ಎಂದೇ ಇಟ್ಟುಕೊಳ್ಳೋಣ.

ಗ್ರಾಫಿನಲ್ಲಿ ಎಲ್ಲರೂ ನೆತ್ತಿಗಳನ್ನು ನೋಡುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದದ್ದು ಸಣ್ಣ ಅಲೆಗಳ ತಳಗಳನ್ನು. ಶ್ವಾಸಕೋಶಕ್ಕೆ ಯಾವಾಗಲೂ ಕುಗ್ಗುವ ಹಂಬಲ, ಎದೆಗೂಡಿಗೆ ಹಿಗ್ಗುವ ಹಂಬಲ. ಸಹಜವಾಗಿ ಉಸಿರು ಬಿಟ್ಟು ಮುಗಿದಾಗ ಈ ಎರಡು ಎಳೆತಗಳು ಸರಿಸಮವಾಗಿ ನಿಲ್ಲುತ್ತವೆ. ಆ ಕ್ಷಣದಲ್ಲಿ ಉಸಿರಾಟದ ಸ್ನಾಯುಗಳಿಗೆ ಕೆಲಸವಿಲ್ಲ. ಅದಕ್ಕೇ ಅಲೆಗಳ ನೆತ್ತಿ ಒಂದು ಹೆಚ್ಚು ಒಂದು ಕಡಿಮೆ ಇದ್ದರೂ ತಳಗಳು ಹೆಚ್ಚುಕಡಿಮೆ ಒಂದೇ ನೇರದಲ್ಲಿ ಬರುತ್ತವೆ. ಆಗ ಒಳಗೆ ಉಳಿದಿರುವ ಗಾಳಿಗೆ ಫಂಕ್ಷನಲ್ ರೆಸಿಡ್ಯುಯಲ್ ಕೆಪಾಸಿಟಿ, ಚಿಕ್ಕದಾಗಿ ಎಫ್‌ಆರ್‌ಸಿ ಎನ್ನುತ್ತಾರೆ. ಇಆರ್‌ವಿ ಮತ್ತು ಆರ್‌ವಿ ಕೂಡಿದರೆ ಎಫ್‌ಆರ್‌ಸಿ. ಮಲಗಿದರೆ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೆ ಒತ್ತುವುದರಿಂದ ತಳದ ಗೆರೆ ತಗ್ಗುತ್ತದೆ, ಅರ್ಧ ಲೀಟರಿಗಿಂತಲೂ ಹೆಚ್ಚು ತಗ್ಗಬಹುದು. ಉಸಿರಾಟದ ಗ್ರಾಫಿನ ಜೊತೆಗೆ ಕುಳಿತೋ ಮಲಗಿಯೋ ಎಂಬುದನ್ನು ಬರೆದಿಡಬೇಕಾದದ್ದು ಇದಕ್ಕೇ.

ಎಫ್‌ಆರ್‌ಸಿ ಸುಮಾರು 2.3 ಲೀಟರ್. ಒಂದು ಉಸಿರಿನ 500 ಮಿಲಿಲೀಟರ್‌ನಲ್ಲಿ ಸುಮಾರು 150 ಮೂಗು, ಗಂಟಲು, ಶ್ವಾಸನಾಳಗಳಲ್ಲೇ ನಿಂತುಬಿಡುತ್ತದೆ. ಗಾಳಿಗೂಡುಗಳನ್ನು ತಲುಪುವ ಹೊಸ ಗಾಳಿ 350 ಮಿಲಿಲೀಟರ್ ಮಾತ್ರ. ಒಳಗಿರುವ ಗಾಳಿ ಪ್ರತಿ ಉಸಿರಿಗೆ ಸುಮಾರು ಏಳರಲ್ಲೊಂದು ಪಾಲು ಮಾತ್ರ ಬದಲಾಗುತ್ತದೆ. ಹೀಗಿರುವುದರಿಂದಲೇ ಎರಡು ಉಸಿರುಗಳ ನಡುವೆಯೂ ರಕ್ತಕ್ಕೆ ಆಮ್ಲಜನಕ ಸಿಗುತ್ತಲೇ ಇರುತ್ತದೆ.

ಆದರೆ ಈ 2.3 ಎಲ್ಲಿಂದ ಬಂತು? ನಮ್ಮ ಗ್ರಾಫಿನಲ್ಲಿ ತಳ 3.1ರಲ್ಲಿದೆ. ಪೂರ್ತಿ ಬಿಟ್ಟಾಗ ಗೆರೆ ನಿಂತದ್ದು 2.0ರಲ್ಲಿ. ಹಾಗಾದರೆ ಆರ್‌ವಿ 2.0 ಲೀಟರ್, ಶ್ವಾಸಕೋಶದ ಒಟ್ಟು ಸಾಮರ್ಥ್ಯ 6.6 ಲೀಟರ್ ಎನ್ನೋಣವೇ? ಕೂಡದು. ಲೇಖನಿ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿರ್ಧರಿಸುವುದು ಪ್ರಯೋಗಕ್ಕೆ ಮುಂಚೆ ಪಾತ್ರೆಯಲ್ಲಿ ಎಷ್ಟು ಆಮ್ಲಜನಕ ತುಂಬಿದ್ದರು ಎಂಬುದು. ಒಂದು ಲೀಟರ್ ಹೆಚ್ಚು ತುಂಬಿದ್ದರೆ ಅದೇ ಮನುಷ್ಯನ ಅದೇ ಗೆರೆ ಒಂದು ಲೀಟರ್ ಕೆಳಗೆ ಮೂಡುತ್ತಿತ್ತು. ಉಪಕರಣ ಅಳೆಯುವುದು ಬಾಯಿಯಿಂದ ಹೋಗಿ ಬಂದ ಗಾಳಿಯನ್ನು ಮಾತ್ರ. ಬಾಯಿಯಿಂದ ಹೊರಗೆ ಬಾರದ ಗಾಳಿಯನ್ನು ಅದು ಕಂಡೇ ಇಲ್ಲ. ಅದರ ಕಾಗದದ ಮೇಲಿನ ಸೊನ್ನೆ ಶ್ವಾಸಕೋಶದ ಸೊನ್ನೆಯಲ್ಲ.

ಪಠ್ಯದ ಗ್ರಾಫಿನಲ್ಲಿ ತಳದಲ್ಲಿ 1200 ಮಿಲಿಲೀಟರಿನ ಪಟ್ಟಿಯೊಂದಿದ್ದು ಅದರ ಕೆಳಗೆ ಸೊನ್ನೆ ಇರುತ್ತದೆ. ಆ ಪಟ್ಟಿಯನ್ನು ಸ್ಪೈರೋಮೀಟರ್ ಬರೆದದ್ದಲ್ಲ, ಬೇರೆ ವಿಧಾನದಿಂದ ಅಳೆದು ಚಿತ್ರಕಾರ ಸೇರಿಸಿದ್ದು. ಆರ್‌ವಿ ಸೇರಿರುವ ಯಾವ ಸಾಮರ್ಥ್ಯವನ್ನೂ, ಅಂದರೆ ಎಫ್‌ಆರ್‌ಸಿಯನ್ನಾಗಲಿ ಒಟ್ಟು ಸಾಮರ್ಥ್ಯವನ್ನಾಗಲಿ, ಬರೀ ಸ್ಪೈರೋಮೀಟರಿನಿಂದ ತಿಳಿಯಲಾಗದು.

ಹೊರಗೆ ಬಾರದ ಗಾಳಿಯನ್ನು ಅಳೆಯುವ ಉಪಾಯ ಹಚಿನ್ಸನ್‌ಗಿಂತಲೂ ಹಳೆಯದು. 1800ರ ಹೊತ್ತಿಗೇ ಹಂಫ್ರಿ ಡೇವಿ ಜಲಜನಕವನ್ನು ಉಸಿರಾಡಿ, ಅದು ಒಳಗಿನ ಗಾಳಿಯೊಂದಿಗೆ ಬೆರೆತು ಎಷ್ಟು ತೆಳುವಾಯಿತು ಎಂದು ನೋಡಿ ತನ್ನದೇ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯನ್ನು ಲೆಕ್ಕ ಹಾಕಿದ್ದ. ಈಗ ಬೆಂಕಿಯ ಅಪಾಯವಿಲ್ಲದ ಹೀಲಿಯಂ ಬಳಸುತ್ತಾರೆ. ಅದು ರಕ್ತದಲ್ಲಿ ಹೆಚ್ಚು ಕರಗುವುದೂ ಇಲ್ಲ. ನಮ್ಮ ಗ್ರಾಫಿನ ಮನುಷ್ಯನ ಮೇಲೆಯೇ ಮಾಡಿ ನೋಡೋಣ. ಉಪಕರಣದಲ್ಲಿ 4.6 ಲೀಟರ್ ಗಾಳಿ, ಅದರಲ್ಲಿ ಶೇಕಡಾ 9ರಷ್ಟು ಹೀಲಿಯಂ. ಸಹಜ ಉಸಿರು ಬಿಟ್ಟು ಮುಗಿದ ಕ್ಷಣದಲ್ಲಿ ಅವನನ್ನು ಕೊಳವೆಗೆ ಸೇರಿಸುತ್ತಾರೆ. ಕೆಲವು ನಿಮಿಷ ಉಸಿರಾಡಿದ ಮೇಲೆ ಹೀಲಿಯಂ ಎಲ್ಲ ಕಡೆ ಸಮನಾಗಿ ಹರಡಿ ಶೇಕಡಾ 6ಕ್ಕೆ ಇಳಿದು ನಿಲ್ಲುತ್ತದೆ. ಮೊದಲು ಇದ್ದ ಹೀಲಿಯಂ 414 ಮಿಲಿಲೀಟರ್. ಈಗಲೂ ಅಷ್ಟೇ ಇದೆ, ಆದರೆ ಅದು ಒಟ್ಟು ಗಾಳಿಯ ಶೇಕಡಾ 6 ಮಾತ್ರ. ಹಾಗಾದರೆ ಒಟ್ಟು ಗಾಳಿ 6.9 ಲೀಟರ್. ಉಪಕರಣದ 4.6 ಕಳೆದರೆ ಉಳಿದದ್ದು 2.3, ಶ್ವಾಸಕೋಶದಲ್ಲಿದ್ದದ್ದು. ಅದೇ ಎಫ್‌ಆರ್‌ಸಿ.

ಈಗ ಗ್ರಾಫಿಗೆ ಮರಳಬಹುದು. 2.3ರಲ್ಲಿ ಇಆರ್‌ವಿಯ 1.1 ಕಳೆದರೆ ಆರ್‌ವಿ 1.2 ಲೀಟರ್. ಅದಕ್ಕೆ ವೈಟಲ್ ಕೆಪಾಸಿಟಿಯ 4.6 ಸೇರಿಸಿದರೆ ಒಟ್ಟು ಸಾಮರ್ಥ್ಯ 5.8 ಲೀಟರ್. ಕಾಗದದ ಮೇಲೆ 6.6 ಎಂದು ಕಂಡದ್ದು ನಿಜವಾಗಿ 5.8. ಇಡೀ ಗೆರೆಯನ್ನು 0.8 ಲೀಟರ್ ಕೆಳಗೆ ಸರಿಸಿದರೆ ಪಠ್ಯದ ಚಿತ್ರ ಸಿಗುತ್ತದೆ. ಹೀಲಿಯಂ ಪರೀಕ್ಷೆಯನ್ನು ಪೂರ್ತಿ ಉಸಿರು ಬಿಟ್ಟಾಗ ಶುರು ಮಾಡದೆ ಸಹಜ ತಳದಲ್ಲಿ ಶುರು ಮಾಡುವುದೇಕೆ ಎಂದರೆ, ಪೂರ್ತಿ ಬಿಡುವುದು ಮನುಷ್ಯನ ಪ್ರಯತ್ನವನ್ನು ಅವಲಂಬಿಸಿದೆ, ಸಹಜ ತಳಕ್ಕೆ ಯಾರ ಪ್ರಯತ್ನವೂ ಬೇಡ.

ಸೊನ್ನೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಇಬ್ಬರು ರೋಗಿಗಳ ಉದಾಹರಣೆಯಲ್ಲಿ ನೋಡಬಹುದು. ಲೆಕ್ಕಕ್ಕಾಗಿ ಇಬ್ಬರ ವೈಟಲ್ ಕೆಪಾಸಿಟಿಯೂ 2.8 ಲೀಟರ್ ಎಂದುಕೊಳ್ಳಿ. ಒಬ್ಬನಿಗೆ ಹಲವು ವರ್ಷಗಳ ಬೀಡಿಯಿಂದ ಎಂಫಿಸೀಮ ಬಂದಿದೆ. ಗಾಳಿಗೂಡುಗಳ ಗೋಡೆ ಹರಿದು ಶ್ವಾಸಕೋಶ ಕುಗ್ಗುವ ಶಕ್ತಿ ಕಳೆದುಕೊಂಡಿದೆ, ಗಾಳಿ ಒಳಗೆ ಸಿಕ್ಕಿಕೊಂಡಿದೆ. ಅವನ ಆರ್‌ವಿ 4.2, ಒಟ್ಟು 7.0 ಲೀಟರ್. ಇನ್ನೊಬ್ಬನ ಶ್ವಾಸಕೋಶ ನಾರುಗಟ್ಟಿ ಬಿಗಿದುಕೊಂಡಿದೆ. ಅವನ ಆರ್‌ವಿ 0.9, ಒಟ್ಟು 3.7. ಒಬ್ಬನ ಶ್ವಾಸಕೋಶ ಅತಿಯಾಗಿ ಹಿಗ್ಗಿದೆ, ಇನ್ನೊಬ್ಬನದು ಹಿಗ್ಗಲಾರದು. ಸ್ಪೈರೋಮೀಟರಿನ ಕಾಗದದಲ್ಲಿ ಇಬ್ಬರ ದೊಡ್ಡ ಜಿಗಿತವೂ ಒಂದೇ ಎತ್ತರ. ಗೆರೆ ಇಳಿಯುವ ವೇಗ ನೋಡಿದರೆ ಸುಳಿವು ಸಿಗುತ್ತದೆ. ಜೋರಾಗಿ ಊದಿಸಿದಾಗ ಮೊದಲನೆಯವನ ಗೆರೆ ಏದುತ್ತಾ ನಿಧಾನವಾಗಿ ಇಳಿಯುತ್ತದೆ, ಎರಡನೆಯವನದು ಬೇಗ ಇಳಿದು ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿಯನ್ನು ಬೇರೆಯಾಗಿ ಲೆಕ್ಕ ಹಾಕುವುದು ಇದೇ ಕಾರಣಕ್ಕೆ. ಆದರೆ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ವೇಗವೂ ಹೇಳದು.

ಎಂಫಿಸೀಮ ರೋಗಿಯಲ್ಲಿ ಹೀಲಿಯಂ ವಿಧಾನಕ್ಕೂ ಮಿತಿಯಿದೆ. ಮುಚ್ಚಿಹೋದ ಮೂಲೆಗಳಿಗೆ ಹೀಲಿಯಂ ತಲುಪುವುದೇ ಇಲ್ಲ, ಆದ್ದರಿಂದ ಅಳತೆ ನಿಜಕ್ಕಿಂತ ಕಡಿಮೆ ಬರುತ್ತದೆ. ಅಂಥವರನ್ನು ಗಾಳಿಯಾಡದ ಗಾಜಿನ ಕೋಣೆಯಂಥ ಪೆಟ್ಟಿಗೆಯಲ್ಲಿ ಕೂರಿಸಿ, ಒತ್ತಡದ ಬದಲಾವಣೆಯಿಂದ ಎದೆಯೊಳಗಿನ ಎಲ್ಲ ಗಾಳಿಯನ್ನೂ ಅಳೆಯುತ್ತಾರೆ. ಬಾಡಿ ಪ್ಲೆತಿಸ್ಮೋಗ್ರಾಫ್ ಎಂಬ ಈ ವಿಧಾನವನ್ನು ಡುಬೋಯ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು.

ಪ್ರಶ್ನೆಪತ್ರಿಕೆ ತಯಾರಿಸುವ ಅಧ್ಯಾಪಕರಲ್ಲಿ ಒಂದು ವಿನಂತಿ. ಸ್ಪೈರೋಮೀಟರಿನ ಗೆರೆ ಕೊಟ್ಟು ಒಟ್ಟು ಸಾಮರ್ಥ್ಯವನ್ನು ಕೇಳುವುದಾದರೆ ಆರ್‌ವಿಯನ್ನೋ ಎಫ್‌ಆರ್‌ಸಿಯನ್ನೋ ಪಕ್ಕದಲ್ಲಿ ಬರೆದು ಕೊಡಿ. ಕೊಡದೆ ಕೇಳಿದಾಗ ಯಾರಾದರೂ ‘ಈ ಗ್ರಾಫಿನಿಂದ ಅದನ್ನು ಹೇಳಲಾಗದು’ ಎಂದು ಬರೆದರೆ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡಿ.